‘ಉಳಿಸಿ’ ಮೇಲೆ ಕ್ಲಿಕ್ ಮಾಡಬೇಕೇ, ‘ಉಳಿಸಿ’ ಬಟನ್ ಆಯ್ಕೆ ಮಾಡಬೇಕೇ?

ಟಿಪ್ಪಣಿ ಬರೆದಿಡುವ ಒಂದು ಆ್ಯಪ್ ಇದೆ ಎಂದುಕೊಳ್ಳಿ. ಅದು ಫೋನಿನಲ್ಲೂ ಓಡುತ್ತದೆ, ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಬ್ಯಾಕಪ್ ಶುರು ಮಾಡುವುದು ಹೇಗೆ ಎಂದು ಅದರ ಸಹಾಯ ಪುಟ ಹೀಗೆ ಹೇಳುತ್ತದೆ:

1. ಮೇಲೆ ಬಲ ಮೂಲೆಯಲ್ಲಿರುವ ಮೂರು ಚುಕ್ಕೆಗಳ ಮೇಲೆ ಕ್ಲಿಕ್ ಮಾಡಿ.
2. ಸೆಟ್ಟಿಂಗ್ಸ್ ಮೇಲೆ ಟ್ಯಾಪ್ ಮಾಡಿ.
3. ಬ್ಯಾಕಪ್ ಸ್ವಿಚ್ ಮೇಲೆ ಟ್ಯಾಪ್ ಮಾಡಿ.
4. ವೈಫೈನಲ್ಲಿ ಮಾತ್ರ ಎಂಬುದರ ಮೇಲೆ ಕ್ಲಿಕ್ ಮಾಡಿ.
5. ಉಳಿಸಿ ಮೇಲೆ ಕ್ಲಿಕ್ ಮಾಡಿ.

ಬರೆದವರು ಮೂರು ಹೆಜ್ಜೆಗಳನ್ನು ಲ್ಯಾಪ್‌ಟಾಪಿನಲ್ಲೂ ಉಳಿದೆರಡನ್ನು ಫೋನಿನಲ್ಲೂ ನೋಡಿಕೊಂಡು ಬರೆದದ್ದು ಕಾಣುತ್ತಲೇ ಇದೆ. ಆದರೂ ಕ್ಲಿಕ್–ಟ್ಯಾಪ್‌ಗಳ ಈ ಕಲಸುಮೇಲೋಗರ ಇಲ್ಲಿನ ಸಣ್ಣ ತಪ್ಪು ಮಾತ್ರ. ದೊಡ್ಡ ತಪ್ಪು ಮೂರನೆಯ ಹೆಜ್ಜೆಯಲ್ಲಿದೆ. ಬ್ಯಾಕಪ್ ಆಗಲೇ ಆನ್ ಆಗಿದ್ದವರು ಆ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿದರೆ ಬ್ಯಾಕಪ್ ನಿಂತುಹೋಗುತ್ತದೆ. ನಾಲ್ಕನೆಯದೂ ಹಾಗೆಯೇ: ಆ ಚೌಕದಲ್ಲಿ ಟಿಕ್ ಇರಬೇಕೋ ಹೋಗಬೇಕೋ, ವಾಕ್ಯ ಹೇಳುವುದೇ ಇಲ್ಲ. ಬೆರಳು ಏನು ಮಾಡಬೇಕೆಂದು ಹೇಳುವ ಭರದಲ್ಲಿ, ಪರದೆ ಕೊನೆಗೆ ಯಾವ ಸ್ಥಿತಿಯಲ್ಲಿರಬೇಕು ಎಂಬುದು ಬಿಟ್ಟುಹೋಗಿದೆ.

ಟ್ಯಾಪ್ ಎಂಬ ಪದಕ್ಕೆ ಎಲ್ಲರಿಗೂ ಒಂದೇ ಅರ್ಥವೂ ಇಲ್ಲ. ಪರದೆ ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗಳನ್ನೇ ನೋಡಿ. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಆಗಲಿ, ಐಫೋನಿನ ವಾಯ್ಸ್‌ಓವರ್ ಆಗಲಿ ಚಾಲೂ ಇದ್ದಾಗ, ಬಟನ್ ಅನ್ನು ಒಮ್ಮೆ ಮುಟ್ಟಿದರೆ ಅದರ ಹೆಸರು ಕೇಳಿಸುತ್ತದೆ, ಅಷ್ಟೇ. ಅದು ಕೆಲಸ ಮಾಡಬೇಕಾದರೆ ಎರಡು ಸಲ ತಟ್ಟಬೇಕು. ಕೀಲಿಮಣೆಯನ್ನಷ್ಟೇ ಬಳಸುವವರು ಟ್ಯಾಬ್ ಕೀಲಿಯಿಂದ ಬಟನ್‌ವರೆಗೆ ಹೋಗಿ ಎಂಟರ್ ಅಥವಾ ಸ್ಪೇಸ್ ಒತ್ತುತ್ತಾರೆ. ಧ್ವನಿಯಿಂದ ಫೋನ್ ನಡೆಸುವವರು ಬಟನ್‌ನ ಹೆಸರನ್ನು ಬಾಯಲ್ಲಿ ಹೇಳುತ್ತಾರೆ. ಟಚ್ ಪರದೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರಂತೂ ಒಂದೇ ನಿಮಿಷದಲ್ಲಿ ಮೌಸ್, ಬೆರಳು, ಕೀಲಿ ಮೂರನ್ನೂ ಬಳಸಿಬಿಡುತ್ತಾರೆ. ಪ್ರೋಗ್ರಾಮ್ ಬರೆಯುವವರಿಗೆ ಇದು ಹಳೆಯ ಸಂಗತಿ: ವೆಬ್ ಪುಟದ ಬಟನ್‌ನಲ್ಲಿ `click` ಎಂಬ ಘಟನೆ ಮೌಸ್‌ನಿಂದ ಮಾತ್ರವಲ್ಲ, ಬೆರಳಿನಿಂದಲೂ ಎಂಟರ್ ಕೀಲಿಯಿಂದಲೂ ಹುಟ್ಟುತ್ತದೆ. ಹೆಸರು ಮಾತ್ರ ಮೌಸ್ ಕಾಲದ್ದೇ ಉಳಿದಿದೆ.

ಹಾಗಾದರೆ ಎಲ್ಲ ಕ್ಲಿಕ್‌ಗಳನ್ನೂ ‘ಆಯ್ಕೆಮಾಡಿ’ ಎಂದು ಬದಲಾಯಿಸಿದರೆ ಮುಗಿಯಿತೇ? ಹುಡುಕಿ–ಬದಲಿಸುವ ಈ ದಾರಿ ಹಿಡಿದರೆ ಕನ್ನಡದಲ್ಲಿ ಎರಡು ಕಡೆ ಎಡವುತ್ತೇವೆ.

ಒಂದು, ವಿಭಕ್ತಿ. ಕ್ಲಿಕ್ ಮಾಡುವುದು ಬಟನ್ ‘ಮೇಲೆ’. ಆಯ್ಕೆ ಮಾಡುವುದು ಬಟನ್ ‘ಅನ್ನು’. ಪದವನ್ನಷ್ಟೇ ಬದಲಿಸಿದರೆ ‘ಬಟನ್ ಮೇಲೆ ಆಯ್ಕೆಮಾಡಿ’ ಎಂಬ ಕನ್ನಡವಲ್ಲದ ಕನ್ನಡ ಸಿಗುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಕನ್ನಡದ ಬಟನ್ ಹೆಸರುಗಳು ಹೆಚ್ಚಾಗಿ ‘ಉಳಿಸಿ’, ‘ಅಳಿಸಿ’, ‘ಕಳುಹಿಸಿ’ ಎಂದು ‘ಇಸಿ’ಯಲ್ಲಿ ಕೊನೆಯಾಗುತ್ತವೆ. ಈ ರೂಪ ವಿಧಿಯೂ ಹೌದು, ‘ಉಳಿಸಿದ ಬಳಿಕ’ ಎಂಬ ಅರ್ಥದ ಕೃದಂತವೂ ಹೌದು. ಹೀಗಾಗಿ ‘ಅಳಿಸಿ ಆಯ್ಕೆಮಾಡಿ’ ಎಂದು ಬರೆದರೆ ‘ಮೊದಲು ಅಳಿಸು, ಆಮೇಲೆ ಏನನ್ನೋ ಆಯ್ಕೆಮಾಡು’ ಎಂದು ಓದಿಕೊಳ್ಳುವುದು ಪೂರ್ತಿ ಸಹಜ. ‘ಮೇಲೆ ಕ್ಲಿಕ್ ಮಾಡಿ’ ಎನ್ನುವಾಗ ನಡುವಿನ ‘ಮೇಲೆ’ ಈ ಗೊಂದಲವನ್ನು ತಡೆಯುತ್ತಿತ್ತು. ಅದನ್ನು ತೆಗೆದೊಡನೆ ಗೊಂದಲ ಹೊರಬರುತ್ತದೆ. ಉದ್ಧರಣ ಚಿಹ್ನೆಯನ್ನೋ ದಪ್ಪಕ್ಷರವನ್ನೋ ನಂಬಿ ಕೂರುವಂತಿಲ್ಲ, ಸ್ಕ್ರೀನ್ ರೀಡರ್‌ಗಳು ಅವನ್ನು ಎಷ್ಟೋ ಸಲ ಓದದೆ ದಾಟಿಬಿಡುತ್ತವೆ. ಹೆಸರಿನ ಜೊತೆಗೆ ಅದು ಯಾವ ವಸ್ತು ಎಂಬುದನ್ನೂ ಹೇಳುವುದೇ ಗಟ್ಟಿ ದಾರಿ: ‘ಅಳಿಸಿ’ ಬಟನ್ ಆಯ್ಕೆಮಾಡಿ. ಇಂಗ್ಲಿಷಿನ ಶೈಲಿ ಕೈಪಿಡಿಗಳು ಹಲವು ಕಡೆ ‘ಬಟನ್’ ಎಂಬ ಪದವನ್ನೇ ಬಿಡಿ ಎನ್ನುತ್ತವೆ. ಆ ಸಲಹೆ ನಮ್ಮ ಭಾಷೆಗೆ ಒಗ್ಗುವುದಿಲ್ಲ.

ಮೈಕ್ರೋಸಾಫ್ಟ್‌ನ ಶೈಲಿ ಕೈಪಿಡಿಯೂ ಒಂದೇ ಪದವನ್ನು ಎಲ್ಲೆಡೆ ಹಚ್ಚಲು ಹೇಳುವುದಿಲ್ಲ. ತೆರೆಯುವುದು, ಹೋಗುವುದು, ಆನ್ ಮಾಡುವುದು, ಗುರುತು ತೆಗೆಯುವುದು, ನಮೂದಿಸುವುದು ಎಂದು ಫಲಕ್ಕೆ ತಕ್ಕ ಪದಗಳ ಗುಂಪೇ ಅಲ್ಲಿದೆ. ‘ಆಯ್ಕೆ’ ಅವುಗಳಲ್ಲಿ ಒಂದು. ನಮ್ಮ ಐದು ಹೆಜ್ಜೆಗಳನ್ನು ಹಾಗೆ ತಿದ್ದೋಣ:

1. ಮೇಲ್ಭಾಗದಲ್ಲಿ, ಮೂರು ಚುಕ್ಕೆಗಳಿರುವ ‘ಇನ್ನಷ್ಟು’ ಮೆನು ತೆರೆಯಿರಿ.
2. ‘ಸೆಟ್ಟಿಂಗ್ಸ್’ ಪುಟಕ್ಕೆ ಹೋಗಿ.
3. ‘ಬ್ಯಾಕಪ್’ ಸ್ವಿಚ್ ಆನ್ ಮಾಡಿ.
4. ಮೊಬೈಲ್ ಡೇಟಾದಲ್ಲೂ ಬ್ಯಾಕಪ್ ಆಗಬೇಕಿದ್ದರೆ ‘ವೈಫೈನಲ್ಲಿ ಮಾತ್ರ’ ಚೌಕದ ಟಿಕ್ ತೆಗೆಯಿರಿ.
5. ‘ಉಳಿಸಿ’ ಬಟನ್ ಆಯ್ಕೆಮಾಡಿ.

ಐದರಲ್ಲಿ ‘ಆಯ್ಕೆಮಾಡಿ’ ಬಂದದ್ದು ಒಮ್ಮೆ ಮಾತ್ರ. ಸ್ವಿಚ್ ಆಗಲೇ ಆನ್ ಇದ್ದವರು ಮೂರನೆಯ ಹೆಜ್ಜೆಯನ್ನು ಓದಿ ಕೈಯಾಡಿಸದೆ ಮುಂದೆ ಹೋಗುತ್ತಾರೆ. ಮೊದಲ ಹೆಜ್ಜೆಯಲ್ಲಿ ಚುಕ್ಕೆಗಳ ವರ್ಣನೆಯ ಜೊತೆ ‘ಇನ್ನಷ್ಟು’ ಎಂಬ ಹೆಸರು ಸೇರಿದ್ದಕ್ಕೂ ಕಾರಣವಿದೆ. ಸ್ಕ್ರೀನ್ ರೀಡರ್‌ಗೆ ಕೇಳಿಸುವುದು ಚುಕ್ಕೆಗಳಲ್ಲ, ಆ ಗುಂಡಿಗೆ ಕೋಡ್‌ನಲ್ಲಿ ಕೊಟ್ಟ ಹೆಸರು. ಹಾಗಾಗಿ ಬರೆಯುವವರು ಆ ಹೆಸರು ಏನೆಂದು ಸ್ಕ್ರೀನ್ ರೀಡರ್ ಹಾಕಿ ಕೇಳಿಕೊಂಡೇ ಬರೆಯಬೇಕು.

‘ಒತ್ತಿ’ ಏಕೆ ಬೇಡ ಎಂದು ಕೇಳಬಹುದು. ಮಾತಿನಲ್ಲಿ ನಾವೆಲ್ಲ ಹೇಳುವುದು ಅದನ್ನೇ. ಮೌಸ್‌ಗೂ ಬೆರಳಿಗೂ ಅದು ಸಲ್ಲುತ್ತದೆ. ಆದರೆ ಕೀಲಿಮಣೆಯ ಕೀಲಿಗೂ ಫೋನಿನ ಪಕ್ಕದ ಪವರ್ ಬಟನ್‌ಗೂ ಬೇರೆ ಪದ ನಮ್ಮಲ್ಲಿಲ್ಲ. ‘ಎಂಟರ್ ಒತ್ತಿ, ಮುಂದೆ ಒತ್ತಿ’ ಎಂದು ಬರೆದರೆ ‘ಮುಂದೆ’ ಎಂಬುದು ಪರದೆಯ ಬಟನ್ನೋ ಇನ್ನೊಂದು ಕೀಲಿಯೋ ತಿಳಿಯುವುದಿಲ್ಲ. ‘ಒತ್ತಿ’ಯನ್ನು ಕೈಗೆ ಸಿಗುವ ಗಟ್ಟಿ ಗುಂಡಿಗಳಿಗೆ ಮೀಸಲಿಡುವುದು ಮೇಲು.

‘ಆಯ್ಕೆಮಾಡಿ’ಗೂ ಮಿತಿಯಿದೆ. ಕಂಪ್ಯೂಟರಿನಲ್ಲಿ ಫೈಲ್ ಆಯ್ಕೆ ಮಾಡುವುದೆಂದರೆ ಅದು ಬಣ್ಣ ತಾಳುವಂತೆ ಗುರುತಿಸುವುದು, ಫೈಲ್ ತೆರೆಯುವುದಿಲ್ಲ. ಓದುಗರು ಗುರುತಿಸಿ, ಏನಾದರೂ ಆಗಲಿ ಎಂದು ಕಾಯುತ್ತಾ ಕೂರಬಹುದು. ತೆರೆಯಬೇಕಿದ್ದರೆ ‘ತೆರೆಯಿರಿ’ ಎನ್ನಬೇಕು. ಬಲ ಕ್ಲಿಕ್ಕಿಗೆ ಒಂದೇ ತಟಸ್ಥ ಪದ ಸಾಲದು. ‘ಫೈಲಿನ ಶಾರ್ಟ್‌ಕಟ್ ಮೆನು ತೆರೆಯಿರಿ’ ಎಂದು ಫಲವನ್ನು ಮೊದಲು ಹೇಳಿ, ಬೆರಳಾದರೆ ಒತ್ತಿ ಹಿಡಿಯುವುದು, ಮೌಸ್ ಆದರೆ ಬಲ ಕ್ಲಿಕ್, ವಿಂಡೋಸ್ ಕೀಲಿಮಣೆಯಾದರೆ ಶಿಫ್ಟ್ ಜೊತೆ ಎಫ್10 ಎಂದು ದಾರಿಗಳನ್ನು ಆಮೇಲೆ ಕೊಡುವುದು ವಾಸಿ.

ಗೂಗಲ್ ಮತ್ತು ಆಪಲ್‌ನ ಕೈಪಿಡಿಗಳು ಕಂಪ್ಯೂಟರಿಗೆ ಕ್ಲಿಕ್, ಟಚ್ ಪರದೆಗೆ ಟ್ಯಾಪ್ ಎಂಬ ಪದಗಳನ್ನು ಬಿಟ್ಟಿಲ್ಲ. ಅದನ್ನು ಹಟ ಎನ್ನಲಾಗದು. ಮೊದಲ ಸಲ ಫೋನ್ ಹಿಡಿದವರಿಗೆ ಮಾಡಿದ, ಫೋನಿನಲ್ಲಿ ಮಾತ್ರ ಓಡುವ ಆ್ಯಪ್‌ನಲ್ಲಿ ‘ಆಯ್ಕೆಮಾಡಿ’ಗಿಂತ ‘ಮುಟ್ಟಿ’ ಬೇಗ ತಲುಪುತ್ತದೆ. ಚಿತ್ರ ಬಿಡಿಸುವ ಆ್ಯಪ್‌ನಲ್ಲಿ ಎರಡು ಬೆರಳಿನ ಚಲನೆಯೇ ಪಾಠದ ವಿಷಯವಾಗಿದ್ದರೆ ಅದನ್ನು ಬೆರಳೆಂದೇ ಬರೆಯಬೇಕು.

ಬರೆದದ್ದು ಸರಿಯಿದೆಯೇ ಎಂದು ನೋಡಲು ಮೌಸ್ ಕಳಚಿಟ್ಟು, ಟ್ಯಾಬ್, ಎಂಟರ್, ಸ್ಪೇಸ್ ಮತ್ತು ಬಾಣದ ಕೀಲಿಗಳು ಇಷ್ಟರಲ್ಲೇ ಐದೂ ಹೆಜ್ಜೆ ಮುಗಿಸಿ. ಬಳಿಕ ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಂಡು ಅದೇ ಹೆಜ್ಜೆಗಳನ್ನು ಮತ್ತೆ ಮಾಡಿ. ಎಲ್ಲಾದರೂ ಸೂಚನೆಯನ್ನು ಮನಸ್ಸಿನಲ್ಲೇ ಅನುವಾದಿಸಿಕೊಳ್ಳಬೇಕಾಗಿ ಬಂದರೆ ಅಲ್ಲಿನ ಕ್ರಿಯಾಪದ ತಪ್ಪಿದೆ. ಪದ ಸರಿಯಿದ್ದೂ ಕೀಲಿಯಿಂದ ಆ ಬಟನ್ ತಲುಪಲಾಗದಿದ್ದರೆ ತಪ್ಪು ಆ್ಯಪ್‌ನದು. ಅದನ್ನು ಬರಹ ತಿದ್ದಿ ಮುಚ್ಚಲಾಗುವುದಿಲ್ಲ, ಆ್ಯಪ್ ಕಟ್ಟಿದವರಿಗೇ ಹೇಳಬೇಕು.