ಹೋಲ್ಡಿಂಗ್ ಅವಧಿ: ಚಿನ್ನ ಮಾರಿದಾಗ ತೆರಿಗೆಯನ್ನು ನಿರ್ಧರಿಸುವ ಲೆಕ್ಕ

ಒಂದು ಆಸ್ತಿ ನಮ್ಮದಾದ ದಿನದಿಂದ ಅದು ನಮ್ಮ ಕೈಬಿಟ್ಟ ದಿನದವರೆಗಿನ ಕಾಲವೇ ಹೋಲ್ಡಿಂಗ್ ಅವಧಿ. ಆದಾಯ ತೆರಿಗೆಯ ಲೆಕ್ಕದಲ್ಲಿ ಚಿನ್ನ ಮಾರಿ ಬಂದ ಲಾಭವನ್ನು ‘ಅಲ್ಪಾವಧಿ’ ಎನ್ನಬೇಕೋ ‘ದೀರ್ಘಾವಧಿ’ ಎನ್ನಬೇಕೋ ಎಂಬುದು ಈ ಅವಧಿಯ ಮೇಲೆ ನಿಂತಿದೆ. ಅಲ್ಪಾವಧಿ ಲಾಭವಾದರೆ ಅದು ಸಂಬಳ, ಪಿಂಚಣಿ, ಬಾಡಿಗೆಯಂಥ ಉಳಿದ ಆದಾಯದ ಜೊತೆ ಸೇರಿ ನಿಮ್ಮ ಸ್ಲ್ಯಾಬ್ ದರಕ್ಕೆ ಸಿಗುತ್ತದೆ. ದೀರ್ಘಾವಧಿ ಲಾಭಕ್ಕೆ ಪ್ರತ್ಯೇಕವಾಗಿ ಶೇ 12.5ರ ದರ, ಅದರ ಮೇಲೆ ಶೇ 4 ಸೆಸ್.

ಈ ದರ 2024ರ ಜುಲೈ 23ರಿಂದ ಬಂದದ್ದು. ಅದಕ್ಕೂ ಮೊದಲು ಒಡವೆ ಮೂರು ವರ್ಷ ದಾಟಿದರೆ ಮಾತ್ರ ದೀರ್ಘಾವಧಿ ಎನಿಸಿಕೊಳ್ಳುತ್ತಿತ್ತು. ದರ ಶೇ 20 ಇತ್ತು, ಆದರೆ ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿಕೊಳ್ಳುವ ಇಂಡೆಕ್ಸೇಶನ್ ಸಿಗುತ್ತಿತ್ತು. ಈಗ ಚಿನ್ನಕ್ಕೆ ಇಂಡೆಕ್ಸೇಶನ್ ಇಲ್ಲ. ಹಳೆಯ ಜಮೀನು, ಮನೆಗಳಿಗೆ ಉಳಿಸಿಕೊಟ್ಟಿರುವ ಆಯ್ಕೆಯನ್ನು ಚಿನ್ನಕ್ಕೂ ಅನ್ವಯಿಸಿ ಲೆಕ್ಕ ಹಾಕುವವರು ಈಗಲೂ ಸಿಗುತ್ತಾರೆ. ಅದು ತಪ್ಪು ಲೆಕ್ಕ.

ಒಡವೆ, ನಾಣ್ಯ, ಗಟ್ಟಿ, ಮೊಬೈಲ್ ಆ್ಯಪ್‌ನಲ್ಲಿ ಕೊಂಡ ಡಿಜಿಟಲ್ ಚಿನ್ನ, ಇವೆಲ್ಲಕ್ಕೂ ಗಡಿ 24 ತಿಂಗಳು. 24 ತಿಂಗಳು ತುಂಬಿದರೆ ಸಾಲದು, ದಾಟಬೇಕು. ಆದ್ದರಿಂದ ಗಡಿಯ ಹತ್ತಿರ ಇರುವವರು ಒಂದೆರಡು ದಿನ ಬಿಟ್ಟು ಮಾರುವುದೇ ಲೇಸು. ‘ಮೈಮೇಲೆ ಹಾಕಿಕೊಳ್ಳುವ ಒಡವೆ ವೈಯಕ್ತಿಕ ವಸ್ತು, ಅದಕ್ಕೆಂಥ ತೆರಿಗೆ’ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಬಟ್ಟೆ, ಪೀಠೋಪಕರಣಗಳ ಮಟ್ಟಿಗೆ ಅದು ಸರಿ. ಆದರೆ ಕಾನೂನು ವೈಯಕ್ತಿಕ ವಸ್ತುಗಳನ್ನು ಹೊರಗಿಡುವಾಗ ಒಡವೆಯನ್ನು ಹೆಸರಿಟ್ಟು ಒಳಗೇ ಉಳಿಸಿಕೊಂಡಿದೆ.

ಅವಧಿ ಎಂದಿನಿಂದ ಶುರು ಎಂಬುದು ಅಂಗಡಿ ಬಿಲ್ ಇದ್ದರೆ ಸುಲಭ: ಬಿಲ್ಲಿನ ದಿನಾಂಕ. ಚಿನ್ನದ ಚೀಟಿ ಕಟ್ಟಿ ಕೊಂಡವರು ಇಲ್ಲಿ ಎಡವುತ್ತಾರೆ. ಹನ್ನೊಂದು ತಿಂಗಳು ಕಂತು ಕಟ್ಟಿ ಹನ್ನೆರಡನೆಯ ತಿಂಗಳು ಸರ ತಂದರೆ, ಎಣಿಕೆ ಶುರುವಾಗುವುದು ಸರದ ಬಿಲ್ ಆದ ದಿನದಿಂದ, ಮೊದಲ ಕಂತಿನಿಂದಲ್ಲ. ಕೊಂಡ ಬೆಲೆ ಎಂದರೆ ಚಿನ್ನದ ಬೆಲೆಯಷ್ಟೇ ಅಲ್ಲ, ಮೇಕಿಂಗ್ ಚಾರ್ಜ್ ಮತ್ತು ಜಿಎಸ್‌ಟಿ ಸೇರಿದ ಬಿಲ್ಲಿನ ಪೂರ್ತಿ ಮೊತ್ತ. ಮಾರುವಾಗ ಅಂಗಡಿಯವರು ಮೇಕಿಂಗ್ ಚಾರ್ಜ್ ವಾಪಸ್ ಕೊಡುವುದಿಲ್ಲ. ಹಾಗಿರುವಾಗ ಕೊಂಡಾಗ ತೆತ್ತದ್ದನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟರೆ ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿದಂತಾಗುತ್ತದೆ.

ನಮ್ಮ ಮನೆಗಳಲ್ಲಿ ಬಹುಪಾಲು ಚಿನ್ನ ಬಿಲ್ ಸಮೇತ ಬಂದದ್ದಲ್ಲ. ಅಮ್ಮ ಕೊಟ್ಟದ್ದು, ಅಜ್ಜಿ ಬಿಟ್ಟುಹೋದದ್ದು. ಹೋಲ್ಡಿಂಗ್ ಅವಧಿಯ ಅತ್ಯಂತ ಉಪಯುಕ್ತ ನಿಯಮ ಇರುವುದು ಇಂಥ ಚಿನ್ನಕ್ಕೇ. ಉಡುಗೊರೆ, ವಿಲ್ ಅಥವಾ ವಾರಸುದಾರಿಕೆಯಿಂದ ಬಂದ ಚಿನ್ನಕ್ಕೆ ಹಿಂದಿನ ಮಾಲೀಕರು ಇಟ್ಟುಕೊಂಡಿದ್ದ ಕಾಲವೂ ನಿಮ್ಮ ಖಾತೆಗೆ ಸೇರುತ್ತದೆ, ಅವರು ಕೊಂಡ ಬೆಲೆಯೇ ನಿಮ್ಮ ಕೊಂಡ ಬೆಲೆಯಾಗುತ್ತದೆ. ಅವರು 2001ರ ಏಪ್ರಿಲ್ 1ಕ್ಕೆ ಮೊದಲೇ ಕೊಂಡಿದ್ದರೆ ಇನ್ನೊಂದು ಅನುಕೂಲ ಇದೆ. ಅಸಲು ಬೆಲೆಯ ಬದಲು ಆ ದಿನದ ಮಾರುಕಟ್ಟೆ ಮೌಲ್ಯವನ್ನು ಕೊಂಡ ಬೆಲೆಯೆಂದು ತೆಗೆದುಕೊಳ್ಳಬಹುದು. ಇಂಡೆಕ್ಸೇಶನ್ ಹೋದರೂ ಈ ಆಯ್ಕೆ ಹೋಗಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ತಾಯಿ 1994ರಲ್ಲಿ ಮಾಡಿಸಿದ, 22 ಕ್ಯಾರೆಟ್‌ನ 40 ಗ್ರಾಂ ಬಳೆಗಳನ್ನು ಮಗಳಿಗೆ ಕೊಟ್ಟಿದ್ದಾರೆ. ಆರು ತಿಂಗಳ ನಂತರ ಮಗಳು ಅವನ್ನು ಮಾರುತ್ತಾರೆ. ಕೈಗೆ 4,00,000 ರೂಪಾಯಿ ಬಂತು ಎಂದುಕೊಳ್ಳಿ. ಮಗಳ ಕೈಯಲ್ಲಿ ಇದ್ದದ್ದು ಆರೇ ತಿಂಗಳಾದರೂ ಎಣಿಕೆ 1994ರಿಂದ, ಹಾಗಾಗಿ ಲಾಭ ದೀರ್ಘಾವಧಿಯದು. 2001ರ ಏಪ್ರಿಲ್ 1ರಂದು ಆ ಬಳೆಗಳ ಮೌಲ್ಯ 16,000 ರೂಪಾಯಿ ಎಂದು ನೋಂದಾಯಿತ ಮೌಲ್ಯಮಾಪಕರು ಬರೆದುಕೊಟ್ಟಿದ್ದರೆ, ಲಾಭ 3,84,000. ಶೇ 12.5ರಂತೆ ತೆರಿಗೆ 48,000, ಸೆಸ್ 1,920, ಒಟ್ಟು 49,920 ರೂಪಾಯಿ. ಇದನ್ನೇ ‘ಆರು ತಿಂಗಳ ಹಿಂದೆ ಸಿಕ್ಕ ಚಿನ್ನ’ ಎಂದು ಅಲ್ಪಾವಧಿಗೆ ಹಾಕಿ ಶೇ 30ರ ಸ್ಲ್ಯಾಬ್‌ನಲ್ಲಿ ಕಟ್ಟಿದರೆ ಸೆಸ್ ಸೇರಿ 1,19,808 ರೂಪಾಯಿ. ತಪ್ಪು ದಿನಾಂಕ ಬರೆದ ಒಂದೇ ಕಾರಣಕ್ಕೆ ಸುಮಾರು 70,000 ಹೆಚ್ಚು.

ಮಗಳಿಗೆ ಬೇರೆ ಆದಾಯವೇ ಇಲ್ಲ ಎಂದಿಟ್ಟುಕೊಳ್ಳಿ. 2025–26ರ ಹೊಸ ಪದ್ಧತಿಯಲ್ಲಿ ಮೊದಲ 4,00,000 ರೂಪಾಯಿಗೆ ತೆರಿಗೆ ಇಲ್ಲ. ದೇಶದಲ್ಲೇ ನೆಲೆಸಿರುವವರು ಆ ಮಿತಿಯಲ್ಲಿ ಬಳಕೆಯಾಗದೆ ಉಳಿದ ಭಾಗವನ್ನು ಚಿನ್ನದ ದೀರ್ಘಾವಧಿ ಲಾಭಕ್ಕೂ ಬಳಸಿಕೊಳ್ಳಬಹುದು. ಹಾಗಾಗಿ ಆಕೆಗೆ ತೆರಿಗೆ ಶೂನ್ಯ. ಇನ್ನೊಬ್ಬರಿಗೆ ಕಡಿತಗಳೆಲ್ಲ ಕಳೆದು 8,00,000 ಪಿಂಚಣಿ ಇದೆ, ಇಂಥದೇ ಬಳೆ ಮಾರಿದ್ದಾರೆ. ಒಟ್ಟು 11,84,000. ‘ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲವಲ್ಲ’ ಎಂದು ಅವರು ಸುಮ್ಮನಿದ್ದರೆ ನೋಟಿಸ್ ಬರುತ್ತದೆ. ಹನ್ನೆರಡು ಲಕ್ಷದವರೆಗೆ ತೆರಿಗೆ ಮನ್ನಾ ಮಾಡುವ ಆ ರಿಬೇಟ್ ಪಿಂಚಣಿಯ ಮೇಲಿನ ತೆರಿಗೆಯನ್ನು ಅಳಿಸುತ್ತದೆ, ವಿಶೇಷ ದರದ ಚಿನ್ನದ ಲಾಭವನ್ನು ಮುಟ್ಟುವುದಿಲ್ಲ. 49,920 ಕಟ್ಟಲೇಬೇಕು. ಷೇರಿನ ಲಾಭಕ್ಕಿರುವ 1,25,000 ರೂಪಾಯಿಯ ವಿನಾಯಿತಿಯೂ ಚಿನ್ನಕ್ಕಿಲ್ಲ.

ಬಳೆಗಳನ್ನು ತಾಯಿಯ ಬದಲು ಗಂಡ ಉಡುಗೊರೆ ಕೊಟ್ಟಿದ್ದರೆ? ಅವಧಿಯ ಎಣಿಕೆ ಹೀಗೆಯೇ, ಆದರೆ ಮಾರಿದ ಲಾಭ ಗಂಡನ ಆದಾಯಕ್ಕೆ ಸೇರುತ್ತದೆ. ಆದಾಯವಿಲ್ಲದ ಹೆಂಡತಿಯ ಹೆಸರಿಗೆ ಚಿನ್ನ ದಾಟಿಸಿ ತೆರಿಗೆ ಉಳಿಸುವ ಉಪಾಯ ಅಲ್ಲಿಗೆ ಮುಗಿಯಿತು.

ಹಳೆಯ ಒಡವೆ ಕೊಟ್ಟು ಹೊಸದು ತರುವಾಗ ಕೈಗೆ ದುಡ್ಡು ಬರುವುದಿಲ್ಲ, ಆದ್ದರಿಂದ ಮಾರಾಟವೆಂದು ಯಾರಿಗೂ ಅನಿಸುವುದಿಲ್ಲ. ಕಾನೂನಿನ ಕಣ್ಣಲ್ಲಿ ವಿನಿಮಯವೂ ವರ್ಗಾವಣೆಯೇ. ಬಿಲ್ಲಿನಲ್ಲಿ ‘ಹಳೆ ಚಿನ್ನ’ ಎಂದು ಕಳೆದ ಮೊತ್ತವೇ ನಿಮ್ಮ ಮಾರಾಟದ ಬೆಲೆ. ಹೊಸ ಒಡವೆಯ ಎಣಿಕೆ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ, ಅದರ ಕೊಂಡ ಬೆಲೆ ಕಳೆಯುವುದಕ್ಕೂ ಮುಂಚಿನ ಪೂರ್ತಿ ಬೆಲೆ. ಅಮ್ಮನ ಮೂವತ್ತು ವರ್ಷದ ಬಳೆ ಕೊಟ್ಟು ತಂದ ನೆಕ್ಲೇಸನ್ನು ಒಂದು ವರ್ಷಕ್ಕೇ ಮಾರಿದರೆ ಅದು ಅಲ್ಪಾವಧಿ. ಅದೇ ಬಳೆಗಳನ್ನು ಅಕ್ಕಸಾಲಿಗರಿಗೆ ಕೊಟ್ಟು, ಅದೇ ಚಿನ್ನ ಕರಗಿಸಿ ಸರ ಮಾಡಿಸಿಕೊಂಡರೆ ಮಾಲೀಕತ್ವ ಕೈ ಬದಲಾಗುವುದಿಲ್ಲ. ಆಗ ಕೊಟ್ಟ ತೂಕ, ಮರಳಿ ಬಂದ ತೂಕ, ಕೂಲಿ ಬರೆದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ದೊಡ್ಡ ಅಂಗಡಿಗಳಲ್ಲಿ ನಡೆಯುವುದು ಬಹುಮಟ್ಟಿಗೆ ವಿನಿಮಯವೇ, ಅಲ್ಲಿ ನಿಮ್ಮ ಚಿನ್ನ ನಿಮಗೆ ವಾಪಸ್ ಬರುವುದಿಲ್ಲ.

ಕಾಗದದ ರೂಪದ ಚಿನ್ನಕ್ಕೆ ಬಂದರೆ ಗಡಿ ಬದಲಾಗುತ್ತದೆ. ಷೇರುಪೇಟೆಯಲ್ಲಿ ಮಾರಾಟವಾಗುವ ಗೋಲ್ಡ್ ಇಟಿಎಫ್ 12 ತಿಂಗಳು ದಾಟಿದರೆ ದೀರ್ಘಾವಧಿ. ಆ ಇಟಿಎಫ್‌ನಲ್ಲೇ ಹಣ ಹೂಡುವ ಗೋಲ್ಡ್ ಮ್ಯೂಚುವಲ್ ಫಂಡ್ ಷೇರುಪೇಟೆಯಲ್ಲಿ ಪಟ್ಟಿಯಾಗಿರುವುದಿಲ್ಲ, ಆದ್ದರಿಂದ ಅದಕ್ಕೆ 24 ತಿಂಗಳು. ಒಳಗಿರುವುದು ಒಂದೇ ಚಿನ್ನ, ಗಡಿ ಮಾತ್ರ ಎರಡು. 2023ರ ಏಪ್ರಿಲ್ 1ರ ನಂತರ ಕೊಂಡು 2025ರ ಮಾರ್ಚ್ 31ರೊಳಗೆ ಮಾರಿದವರಿಗೆ ಇವೆರಡರಲ್ಲೂ ಎಷ್ಟು ದಿನ ಇಟ್ಟುಕೊಂಡಿದ್ದರೂ ಸ್ಲ್ಯಾಬ್ ದರವೇ ಗತಿಯಾಗಿತ್ತು. 2025ರ ಏಪ್ರಿಲ್ 1ರಿಂದ ಮಾರುವವರಿಗೆ ಆ ಕಟ್ಟು ಸಡಿಲಿದೆ. ಎಸ್‌ಐಪಿ ಹಾಕಿದವರು ನೆನಪಿಡಬೇಕಾದ್ದು, ಪ್ರತಿ ಕಂತಿಗೂ ಅದರದೇ ದಿನಾಂಕ. ಮಾರಿದಾಗ ಮೊದಲು ಕೊಂಡ ಯೂನಿಟ್ ಮೊದಲು ಹೋಯಿತೆಂದು ಲೆಕ್ಕ. ಗೋಲ್ಡ್ ಮ್ಯೂಚುವಲ್ ಫಂಡ್‌ನಲ್ಲಿ ಮೂರು ವರ್ಷ ಎಸ್‌ಐಪಿ ಕಟ್ಟಿ ಎಲ್ಲವನ್ನೂ ಒಟ್ಟಿಗೆ ತೆಗೆದರೆ ಕೊನೆಯ ಎರಡು ವರ್ಷದ ಕಂತುಗಳು ಅಲ್ಪಾವಧಿಯಲ್ಲೇ ಉಳಿಯುತ್ತವೆ.

ಸಾವರಿನ್ ಗೋಲ್ಡ್ ಬಾಂಡ್‌ನ ದಾರಿಯೇ ಬೇರೆ. 2024ರ ಫೆಬ್ರುವರಿಯ ನಂತರ ಹೊಸದು ಬಂದಿಲ್ಲ, ಆದರೆ ಹಳೆಯವು ಜನರ ಬಳಿ ಬೇಕಾದಷ್ಟಿವೆ. ಎಂಟು ವರ್ಷ ತುಂಬಿ ರಿಸರ್ವ್ ಬ್ಯಾಂಕಿನಿಂದ ಹಣ ಬಂದಾಗ ವ್ಯಕ್ತಿಗಳಿಗೆ ಲಾಭದ ಮೇಲೆ ತೆರಿಗೆ ಇಲ್ಲ. ವರ್ಷಕ್ಕೆ ಬರುವ ಬಡ್ಡಿಗೆ ಮಾತ್ರ ಸ್ಲ್ಯಾಬ್ ಪ್ರಕಾರ ಇದೆ. ಅದೇ ಬಾಂಡನ್ನು ಷೇರುಪೇಟೆಯಲ್ಲಿ ಮಾರಿದರೆ ವಿನಾಯಿತಿ ಸಿಗುವುದಿಲ್ಲ, 12 ತಿಂಗಳ ಗಡಿ ಮತ್ತು ಶೇ 12.5 ಅನ್ವಯಿಸುತ್ತದೆ. 2026ರ ಬಜೆಟ್ ಪ್ರಸ್ತಾವವಂತೂ ಈ ವಿನಾಯಿತಿಯನ್ನು ಇನ್ನೂ ಕಿರಿದುಮಾಡಿತು: 2026ರ ಏಪ್ರಿಲ್ 1ರಿಂದ, ಬಾಂಡ್ ಮೊದಲು ಬಿಡುಗಡೆಯಾದಾಗಲೇ ಕೊಂಡು ಕೊನೆಯ ದಿನದವರೆಗೆ ಇಟ್ಟುಕೊಂಡವರಿಗೆ ಮಾತ್ರ. ಪೇಟೆಯಲ್ಲಿ ಬೇರೆಯವರಿಂದ ಕೊಂಡು ಅವಧಿ ಮುಗಿಯಲೆಂದು ಕಾಯುತ್ತಿದ್ದವರ ಲೆಕ್ಕಾಚಾರ ಇದರಿಂದ ತಲೆಕೆಳಗಾಯಿತು.

ದೀರ್ಘಾವಧಿ ಎನಿಸಿಕೊಂಡ ಲಾಭಕ್ಕೆ ತೆರಿಗೆ ಉಳಿಸುವ ದಾರಿ ಒಂದಿದೆ, ಅದು ವಾಸದ ಮನೆ. ಚಿನ್ನ ಮಾರುವ ಹೊತ್ತಿಗೆ ನಿಮ್ಮ ಹೆಸರಲ್ಲಿ ಒಂದಕ್ಕಿಂತ ಹೆಚ್ಚು ಮನೆ ಇರಬಾರದು. ಮಾರುವ ಹಿಂದಿನ ಒಂದು ವರ್ಷದಲ್ಲಿ ಅಥವಾ ಮಾರಿದ ಎರಡು ವರ್ಷದೊಳಗೆ ಮನೆ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು ವರ್ಷದೊಳಗೆ. ಇಲ್ಲಿ ಎಡವುವುದು ಮೊತ್ತದಲ್ಲಿ. ಪೂರ್ತಿ ವಿನಾಯಿತಿ ಬೇಕಿದ್ದರೆ ಲಾಭದ 3,84,000 ಅಲ್ಲ, ಮಾರಿ ಬಂದ 4,00,000 ಅಷ್ಟನ್ನೂ ಮನೆಗೆ ಹಾಕಿರಬೇಕು. ಅರ್ಧ ಹಾಕಿದರೆ ಅರ್ಧ ಲಾಭಕ್ಕೆ ಮಾತ್ರ ವಿನಾಯಿತಿ. ಜಮೀನು ಮಾರಿದವರು ಕೊಳ್ಳುವ ಕ್ಯಾಪಿಟಲ್ ಗೇನ್ ಬಾಂಡ್ ಚಿನ್ನ ಮಾರಿದವರಿಗಿಲ್ಲ.

ಬಿಲ್ ಇಲ್ಲದ ಹಳೆಯ ಒಡವೆ ಮಾರುವವರು ಅದನ್ನು ಅಂಗಡಿಗೆ ಒಯ್ಯುವ ಮುನ್ನವೇ ನೋಂದಾಯಿತ ಮೌಲ್ಯಮಾಪಕರಿಗೆ ತೋರಿಸಿ, ತೂಕ, ಪರಿಶುದ್ಧತೆ ಮತ್ತು 2001ರ ಏಪ್ರಿಲ್ 1ರ ಮೌಲ್ಯ ಬರೆಸಿಕೊಳ್ಳಬೇಕು. ಕರಗಿಸಿದ ಮೇಲೆ ಅಳೆಯಲು ಏನೂ ಉಳಿಯುವುದಿಲ್ಲ. ಕೊಟ್ಟವರು ಬದುಕಿದ್ದರೆ ಯಾವಾಗ ಮಾಡಿಸಿದ್ದು, ಯಾವಾಗ ಕೊಟ್ಟದ್ದು ಎಂದು ಒಂದು ಉಡುಗೊರೆ ಪತ್ರ, ವಾರಸಾಗಿ ಬಂದದ್ದಾದರೆ ವಿಲ್ ಅಥವಾ ವಿಭಾಗ ಪತ್ರದಲ್ಲಿ ಒಡವೆಯ ಉಲ್ಲೇಖ, ಇಂಥ ದಾಖಲೆ ಜೊತೆಗಿರಲಿ. ಮದುವೆಯ ಫೋಟೊದಲ್ಲಿ ಒಡವೆ ಸ್ಪಷ್ಟವಾಗಿ ಕಂಡರೆ ಅದನ್ನೂ ಸೇರಿಸಿ. ಸಂಬಳದಾರರು ಸಾಮಾನ್ಯವಾಗಿ ತುಂಬುವ ಐಟಿಆರ್–1ರಲ್ಲಿ ಚಿನ್ನದ ಲಾಭ ತೋರಿಸಲು ಜಾಗವಿಲ್ಲ. ವ್ಯಾಪಾರದ ಆದಾಯ ಇಲ್ಲದವರು ಐಟಿಆರ್–2 ತುಂಬಬೇಕು.