ಫೋಟೋ ತೆಗೆದದ್ದು ಎಲ್ಲಿ? ಜಿಯೋಟ್ಯಾಗ್ ಓದಿ ನಕ್ಷೆಗೆ ಇಳಿಸುವ ಬಗೆ

ಮೈಸೂರು ಅರಮನೆಯ ಅಂಗಳದಲ್ಲಿ ನಿಂತು ಮೊಬೈಲಿನಲ್ಲಿ ಒಂದು ಫೋಟೋ ತೆಗೆದರೆ, ಆ ಕಡತದಲ್ಲಿ ಚಿತ್ರ ಮಾತ್ರವಲ್ಲದೆ ಕೆಲವು ಟಿಪ್ಪಣಿಗಳೂ ಸೇರಿಕೊಳ್ಳುತ್ತವೆ. ಕ್ಯಾಮೆರಾದ ಹೆಸರು, ತೆಗೆದ ಸಮಯ ಮತ್ತು, ಲೊಕೇಶನ್ ಆನ್ ಆಗಿದ್ದರೆ, ಫೋನ್ ಇದ್ದ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಅಲ್ಲಿ ಬರೆದಿಡಲಾಗುತ್ತದೆ. ಈ ಟಿಪ್ಪಣಿಗಳ ವಿನ್ಯಾಸವನ್ನು ಎಕ್ಸಿಫ್ ಎನ್ನುತ್ತಾರೆ. ಇದರ ಮೊದಲ ಆವೃತ್ತಿ 1995ರಲ್ಲಿ ಜಪಾನಿನಲ್ಲಿ ಹೊರಬಂತು. ಇದರಲ್ಲಿ ಸ್ಥಳವನ್ನು ಹೇಳುವ ಭಾಗವೇ ಜಿಯೋಟ್ಯಾಗ್. ಒಂದು ಫೋಲ್ಡರಿನ ನೂರಾರು ಫೋಟೋಗಳಿಂದ ಈ ಭಾಗವನ್ನು ಹೊರತೆಗೆದು ನಕ್ಷೆಯ ಮೇಲೆ ಚುಕ್ಕೆಗಳಾಗಿ ಇಡುವುದು ಕಷ್ಟವಲ್ಲ. ಆದರೆ ಆ ಚುಕ್ಕೆಗಳಲ್ಲಿ ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂದು ತಿಳಿಯುವುದಕ್ಕೆ ತಾಳ್ಮೆ ಬೇಕು.

ಮೊದಲು ಸಂಖ್ಯೆಗಳನ್ನು ನೋಡೋಣ. ಎಕ್ಸಿಫ್ ಅಕ್ಷಾಂಶವನ್ನು ಒಂದೇ ದಶಮಾಂಶ ಸಂಖ್ಯೆಯಾಗಿ ಬರೆಯುವುದಿಲ್ಲ. ಡಿಗ್ರಿ, ನಿಮಿಷ, ಸೆಕೆಂಡ್ ಎಂಬ ಮೂರು ಭಿನ್ನರಾಶಿಗಳಾಗಿ ಬರೆಯುತ್ತದೆ. ಅರಮನೆಯ ಫೋಟೋದಲ್ಲಿ 12/1, 18/1, 1872/100 ಎಂದಿದ್ದರೆ ಅದರ ಅರ್ಥ 12 ಡಿಗ್ರಿ, 18 ನಿಮಿಷ, 18.72 ಸೆಕೆಂಡ್. ಉತ್ತರವೋ ದಕ್ಷಿಣವೋ ಎಂಬುದನ್ನು ಬೇರೊಂದು ಜಾಗದಲ್ಲಿ ಒಂದೇ ಅಕ್ಷರದಿಂದ ಸೂಚಿಸಿರುತ್ತದೆ. ನಕ್ಷೆಯ ತಂತ್ರಾಂಶಕ್ಕೆ ದಶಮಾಂಶ ಡಿಗ್ರಿ ಬೇಕಾದ್ದರಿಂದ ನಿಮಿಷವನ್ನು 60ರಿಂದಲೂ ಸೆಕೆಂಡನ್ನು 3600ರಿಂದಲೂ ಭಾಗಿಸಿ ಕೂಡಿಸಬೇಕು:

```
12 + 18/60 + 18.72/3600 = 12.3052
76 + 39/60 + 17.28/3600 = 76.6548
```

ಹೀಗೆ ಭಾಗಿಸದೆ 12.1818 ಮತ್ತು 76.3917 ಎಂದು ಅಂಕಿಗಳನ್ನು ಸಾಲಾಗಿ ಜೋಡಿಸಿಬಿಟ್ಟರೆ ಚುಕ್ಕೆಯು ಅರಮನೆಯಿಂದ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರಕ್ಕೆ, ಹೆಗ್ಗಡದೇವನಕೋಟೆಯ ದಿಕ್ಕಿಗೆ ಸರಿದುಹೋಗುತ್ತದೆ. ಈ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಚುಕ್ಕೆ ಇನ್ನೂ ಮೈಸೂರು ಜಿಲ್ಲೆಯೊಳಗೇ ಇರುತ್ತದೆ. ಅಕ್ಷಾಂಶ ರೇಖಾಂಶಗಳು ಅದಲುಬದಲಾದರೆ ಆಗುವ ತಪ್ಪು ಮಾತ್ರ ತಾನಾಗಿಯೇ ಬಯಲಾಗುತ್ತದೆ: ಅರಮನೆ ಆರ್ಕ್ಟಿಕ್ ವಲಯದ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಕಡಲಿಗೆ ಬೀಳುತ್ತದೆ.

ಫೋಲ್ಡರಿನ ಎಲ್ಲ ಫೋಟೋಗಳನ್ನು ಒಟ್ಟಿಗೆ ಓದಲು ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಸಾಕು. ಮೇಲಿನ ಭಾಗಾಕಾರವನ್ನೂ ಅದೇ ಮಾಡಿಕೊಡುತ್ತದೆ.

```
exiftool -r -n -csv -DateTimeOriginal -GPSLatitude -GPSLongitude -GPSTimeStamp photos > sthala.csv
```

ಇದರಿಂದ ಫೋಟೋಗೆ ಒಂದು ಸಾಲಿನಂತೆ ಒಂದು ಕೋಷ್ಟಕ ಸಿಗುತ್ತದೆ. ಅದನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದು, X ಎಂದಿರುವಲ್ಲಿ ರೇಖಾಂಶವನ್ನೂ Y ಎಂದಿರುವಲ್ಲಿ ಅಕ್ಷಾಂಶವನ್ನೂ ಆರಿಸಿ, ನಿರ್ದೇಶಾಂಕ ಪದ್ಧತಿಯನ್ನು EPSG:4326 ಎಂದು ಕೊಟ್ಟರೆ ಚುಕ್ಕೆಗಳು ಮೂಡುತ್ತವೆ. ಕೆಲವು ಸಾಲುಗಳಲ್ಲಿ ಸ್ಥಳದ ಕಾಲಂ ಖಾಲಿ ಇರಬಹುದು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದ ಚಿತ್ರಗಳಲ್ಲಿ ಜಿಯೋಟ್ಯಾಗ್ ಅಳಿಸಿಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಆದ್ದರಿಂದ ಸಾಧ್ಯವಾದಾಗಲೆಲ್ಲ ಫೋನಿನಿಂದ ಕೇಬಲ್ ಮೂಲಕವೇ ಮೂಲ ಕಡತಗಳನ್ನು ತೆಗೆದುಕೊಳ್ಳುವುದು ಒಳ್ಳೆಯದು.

ಖಾಲಿ ಇರುವ ಸಾಲು ಪ್ರಾಮಾಣಿಕವಾದದ್ದು. ಅದು ಯಾರನ್ನೂ ದಾರಿ ತಪ್ಪಿಸುವುದಿಲ್ಲ. ನಿಜವಾದ ತೊಂದರೆ ಇರುವುದು ತುಂಬಿದ್ದೂ ಹಳತಾಗಿರುವ ಸಾಲಿನಲ್ಲಿ. ಉಪಗ್ರಹಗಳ ಸಂಕೇತ ಹಿಡಿದು ಸ್ಥಳವನ್ನು ಲೆಕ್ಕಹಾಕಲು ಫೋನಿಗೆ ಸ್ವಲ್ಪ ಸಮಯ ಬೇಕು. ಜೇಬಿನಿಂದ ತೆಗೆದ ಕೂಡಲೇ ಕ್ಲಿಕ್ಕಿಸಿದರೆ, ಹೊಸ ಲೆಕ್ಕ ಮುಗಿಯುವ ಮೊದಲೇ ಕ್ಯಾಮೆರಾವು ತನ್ನ ಬಳಿ ಇರುವ ಹಿಂದಿನ ಸ್ಥಳವನ್ನೇ ಚಿತ್ರಕ್ಕೆ ಅಂಟಿಸಿಬಿಡಬಹುದು.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಬೆಳಿಗ್ಗೆ ಅರಮನೆಯಲ್ಲಿ ಫೋಟೋ ತೆಗೆದು, ಕಾರಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ, ರಂಗನಾಥಸ್ವಾಮಿ ದೇವಸ್ಥಾನದ ಗೋಪುರದ ಎದುರು ಎರಡು ಫೋಟೋ ತೆಗೆಯಲಾಗಿದೆ ಎಂದುಕೊಳ್ಳಿ. ದಿನಾಂಕವನ್ನು ಬಿಟ್ಟರೆ ಕೋಷ್ಟಕದಲ್ಲಿ ಆ ಎರಡು ಸಾಲುಗಳು ಹೀಗಿವೆ:

```
DateTimeOriginal  GPSTimeStamp  GPSLatitude  GPSLongitude
10:42:00          04:41:20      12.3052      76.6548
10:44:00          05:13:55      12.4247      76.6796
```

ಎರಡೂ ಚಿತ್ರಗಳಲ್ಲಿ ಗೋಪುರವೇ ಇದ್ದರೂ ಮೊದಲನೆಯದರ ಚುಕ್ಕೆ ಮೈಸೂರಿನಲ್ಲಿದೆ. ಚಿತ್ರವನ್ನು ತೆರೆದು ನೋಡದೆಯೇ ಇದನ್ನು ಪತ್ತೆಹಚ್ಚಬಹುದು. ನಮ್ಮ ಅಕ್ಷಾಂಶದಲ್ಲಿ ಉತ್ತರ ದಕ್ಷಿಣವಾಗಿ ಒಂದು ಡಿಗ್ರಿ ಎಂದರೆ ಸುಮಾರು 110.6 ಕಿಲೋಮೀಟರ್, ಪೂರ್ವ ಪಶ್ಚಿಮವಾಗಿ ಸುಮಾರು 108.8 ಕಿಲೋಮೀಟರ್. ಈ ಎರಡು ಬಿಂದುಗಳ ನಡುವೆ ಉತ್ತರಕ್ಕೆ 13.2, ಪೂರ್ವಕ್ಕೆ 2.7, ಅಂದರೆ ನೇರ ರೇಖೆಯಲ್ಲಿ 13.5 ಕಿಲೋಮೀಟರ್ ಅಂತರವಿದೆ. ಎರಡು ನಿಮಿಷದಲ್ಲಿ ಇಷ್ಟು ದೂರ ಕ್ರಮಿಸಬೇಕಾದರೆ ಗಂಟೆಗೆ 400 ಕಿಲೋಮೀಟರ್ ವೇಗ ಬೇಕು. ಎರಡು ಸಾಲುಗಳಲ್ಲಿ ಒಂದು ಖಂಡಿತ ತಪ್ಪು.

ಯಾವುದು ತಪ್ಪು ಎಂಬುದನ್ನು, ಸ್ಥಳದ ಲೆಕ್ಕ ಸಿಕ್ಕ ಸಮಯವನ್ನು ತೋರಿಸುವ GPSTimeStamp ಹೇಳುತ್ತದೆ. ಅದು ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿರುವುದರಿಂದ ಅದಕ್ಕೆ ಐದೂವರೆ ಗಂಟೆ ಸೇರಿಸಿ ನಮ್ಮ ಸಮಯಕ್ಕೆ ತರಬೇಕು. ಎರಡನೆಯ ಸಾಲಿನಲ್ಲಿ ಅದು 10:43:55 ಆಗುತ್ತದೆ. ಫೋಟೋಗಿಂತ ಐದೇ ಸೆಕೆಂಡ್ ಹಿಂದಿನದು, ನಂಬಬಹುದು. ಮೊದಲನೆಯ ಸಾಲಿನಲ್ಲಿ 10:11:20 ಆಗುತ್ತದೆ. ಅಂದರೆ ಆ ಸ್ಥಳದ ಲೆಕ್ಕ ಅರ್ಧ ಗಂಟೆಗಿಂತ ಹಳೆಯದು, ಅರಮನೆಯಲ್ಲಿದ್ದಾಗ ಸಿಕ್ಕಿದ್ದು. ಎಲ್ಲ ಫೋನ್‌ಗಳೂ ಈ ಸಮಯವನ್ನು ಇಷ್ಟು ಸರಿಯಾಗಿ ಬರೆಯುವುದಿಲ್ಲವಾದರೂ, ಇರುವಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಮತ್ತೊಂದಿಲ್ಲ. ಅದು ಇಲ್ಲದಿದ್ದರೆ ಇನ್ನೊಂದು ಗುರುತು ಹುಡುಕಬಹುದು: ಕೈಯಲ್ಲಿ ಹಿಡಿದ ಫೋನಿನ ಜಿಪಿಎಸ್ ಅಂಕಿಗಳು ನಿಂತಲ್ಲೇ ನಿಂತರೂ ಸ್ವಲ್ಪ ಅಲುಗಾಡುತ್ತಲೇ ಇರುತ್ತವೆ. ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಹತ್ತು ಫೋಟೋಗಳಲ್ಲಿ ಕೊನೆಯ ದಶಮಾಂಶದವರೆಗೂ ಒಂದೇ ಸಂಖ್ಯೆ ಇದ್ದರೆ ಅದು ಹಳೆಯ ಲೆಕ್ಕದ ಪುನರಾವರ್ತನೆ ಎಂದು ಅನುಮಾನಿಸಬೇಕು.

ತಪ್ಪು ಗೊತ್ತಾದ ಮೇಲೆ ಆ ಸಾಲಿಗೆ ಪಕ್ಕದ ಫೋಟೋದ ಸ್ಥಳವನ್ನು ಕೊಡಬಹುದು. ಆದರೆ ಮೂಲ ಕಡತವನ್ನು ಮುಟ್ಟದೆ, ಕೋಷ್ಟಕದಲ್ಲಿ ಬೇರೆ ಕಾಲಂ ಮಾಡಿ, ಇದು ಅಂದಾಜು ಎಂದು ಬರೆದಿಡಲೇಬೇಕು ಎಂಬುದು ನನ್ನ ನಿಲುವು. ಇಲ್ಲವಾದರೆ ಅಳೆದ ಚುಕ್ಕೆಗೂ ಊಹಿಸಿದ ಚುಕ್ಕೆಗೂ ಮುಂದೆ ವ್ಯತ್ಯಾಸವೇ ಉಳಿಯುವುದಿಲ್ಲ.

ಸರಿಯಾಗಿರುವ ಚುಕ್ಕೆಯನ್ನೂ ಅರ್ಥಮಾಡಿಕೊಂಡೇ ಓದಬೇಕು. ಬಯಲಿನಲ್ಲಿ ಫೋನಿನ ಸ್ಥಳ ಐದು ಮೀಟರ್ ಆಸುಪಾಸಿನಲ್ಲಿ ಸರಿಯಿರುತ್ತದೆ. ದೇವಸ್ಥಾನದ ಕಲ್ಲುಮಂಟಪದೊಳಗೆ ಅದು ಹತ್ತಾರು ಮೀಟರ್ ಆಚೀಚೆ ಆಗಬಹುದು. ಹಾಗಾಗಿ ಐದನೆಯ ದಶಮಾಂಶದ ನಂತರದ ಅಂಕಿಗಳಿಗೆ ಬೆಲೆ ಕೊಡಬೇಕಿಲ್ಲ. ಇದಕ್ಕಿಂತ ಮುಖ್ಯವಾದದ್ದು, ಚುಕ್ಕೆಯು ಕ್ಯಾಮೆರಾ ಇದ್ದ ಜಾಗವೇ ಹೊರತು ಚಿತ್ರದಲ್ಲಿರುವ ವಸ್ತುವಿನ ಜಾಗವಲ್ಲ ಎಂಬುದು. ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆದ ಹಕ್ಕಿಗಳ ಫೋಟೋಗಳು ಕಾವೇರಿಯ ನೀರಿನ ಮೇಲೆ ಕಾಣಿಸಿಕೊಳ್ಳುತ್ತವೆ, ಮತ್ತು ಅದೇ ಸರಿ. ಗೂಡುಗಳಿರುವ ತಿಟ್ಟುಗಳಿಗೆ ಅವುಗಳನ್ನು ಎಳೆದು ಸರಿಪಡಿಸಲು ಹೋಗಬಾರದು.

ವಸ್ತುವಿನ ಜಾಗವೂ ಬೇಕೆಂದರೆ GPSImgDirection ಎಂಬ ಇನ್ನೊಂದು ಅಂಕಿ ನೆರವಿಗೆ ಬರುತ್ತದೆ. ದಿಕ್ಸೂಚಿ ಇರುವ ಹಲವು ಫೋನ್‌ಗಳು ಕ್ಯಾಮೆರಾ ಮುಖಮಾಡಿದ ದಿಕ್ಕನ್ನು ಉತ್ತರದಿಂದ ಬಲಕ್ಕೆ ಎಣಿಸಿದ ಡಿಗ್ರಿಗಳಲ್ಲಿ ಬರೆಯುತ್ತವೆ. ಅರಮನೆಯಿಂದ ಚಾಮುಂಡಿ ಬೆಟ್ಟದ ದೇವಸ್ಥಾನ ಸುಮಾರು 154 ಡಿಗ್ರಿ ದಿಕ್ಕಿನಲ್ಲಿ, ನಾಲ್ಕು ಕಿಲೋಮೀಟರ್ ದೂರದಲ್ಲಿದೆ. ನಗರದ ಎರಡು ಬೇರೆ ಜಾಗಗಳಿಂದ ಅದನ್ನೇ ಚಿತ್ರದ ನಡುವೆ ಇಟ್ಟು ಫೋಟೋ ತೆಗೆದು, ಎರಡು ಚುಕ್ಕೆಗಳಿಂದ ಆಯಾ ದಿಕ್ಕಿಗೆ ಗೆರೆ ಎಳೆದರೆ, ಗೆರೆಗಳು ದೇವಸ್ಥಾನದ ಹತ್ತಿರ ಒಂದನ್ನೊಂದು ಕತ್ತರಿಸಬೇಕು. ಕರಾರುವಾಕ್ಕಾಗಿ ಕತ್ತರಿಸುವುದಿಲ್ಲ, ಏಕೆಂದರೆ ಫೋನಿನ ದಿಕ್ಸೂಚಿಯನ್ನು ಪಕ್ಕದಲ್ಲಿರುವ ಕಾರಿನ ಅಥವಾ ಗೇಟಿನ ಕಬ್ಬಿಣವೂ ತಿರುಗಿಸಬಲ್ಲದು. ನಾಲ್ಕು ಕಿಲೋಮೀಟರ್ ದೂರಕ್ಕೆ ಐದು ಡಿಗ್ರಿ ತಪ್ಪಿದರೂ ಗೆರೆ 350 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಎರಡು ಜಾಗಗಳು ಬೆಟ್ಟದಿಂದ ನೋಡಿದಾಗ ಒಂದೇ ದಿಕ್ಕಿನಲ್ಲಿದ್ದರೆ ಈ ತಪ್ಪು ಇನ್ನೂ ಹಿಗ್ಗುವುದರಿಂದ, ಗೆರೆಗಳು ಲಂಬಕೋನಕ್ಕೆ ಹತ್ತಿರವಾಗಿ ಸೇರುವಂಥ ಜಾಗಗಳನ್ನು ಆರಿಸಿಕೊಳ್ಳಬೇಕು.