ದರ ನೋಡದೆ ಹಂಚುವ ಲೆಕ್ಕ: ವಾಯವ್ಯ ಮೂಲೆ ನಿಯಮ ಹುಟ್ಟಿದ್ದು ಹೇಗೆ?

ಮೂರು ಸಿಮೆಂಟ್ ಕಾರ್ಖಾನೆ, ನಾಲ್ಕು ಊರು. ಯಾವ ಕಾರ್ಖಾನೆಯಿಂದ ಯಾವ ಊರಿಗೆ ಎಷ್ಟು ಲೋಡ್ ಕಳಿಸಿದರೆ ಸಾಗಾಣಿಕೆ ಖರ್ಚು ಕಡಿಮೆ? ಇಂಥ ಪ್ರಶ್ನೆಯನ್ನು 1930ರಲ್ಲೇ ಸೋವಿಯತ್ ರೈಲ್ವೆಗಾಗಿ ಟಾಲ್‌ಸ್ಟಾಯ್ ಎಂಬವರು ಎತ್ತಿಕೊಂಡಿದ್ದರು. (ಕಾದಂಬರಿಕಾರ ಅಲ್ಲ, ಬೇರೆಯವರು.) 1941ರಲ್ಲಿ ಅಮೆರಿಕದ ಹಿಚ್‌ಕಾಕ್ ಇದನ್ನು ಗಣಿತದ ಸಮಸ್ಯೆಯಾಗಿ ಬರೆದರು. ಯುದ್ಧದ ಕಾಲದಲ್ಲಿ ಹಡಗುಗಳ ಓಡಾಟದ ಲೆಕ್ಕ ನೋಡುತ್ತಿದ್ದ ಕೂಪ್ಮನ್ಸ್ ಕೂಡ ತಮ್ಮದೇ ದಾರಿಯಲ್ಲಿ ಇಲ್ಲಿಗೇ ಬಂದರು.

1951ರಲ್ಲಿ ಡಾಂಟ್ಜಿಗ್ ತಮ್ಮ ಸಿಂಪ್ಲೆಕ್ಸ್ ವಿಧಾನವನ್ನು ಈ ಸಮಸ್ಯೆಗೆ ಹೊಂದಿಸಿದರು. ಆ ವಿಧಾನ ಒಂದು ಯೋಜನೆಯನ್ನು ಹಿಡಿದು ಹಂತ ಹಂತವಾಗಿ ಉತ್ತಮಪಡಿಸುತ್ತದೆ. ಆದರೆ ಮೊದಲು ಕೈಯಲ್ಲಿ ಒಂದು ಯೋಜನೆ ಇರಬೇಕಲ್ವಾ? ಅದು ಒಳ್ಳೆಯದೇ ಆಗಿರಬೇಕು ಅಂತೇನಿಲ್ಲ. ಇದ್ದ ಮಾಲು ಪೂರ್ತಿ ಹೋಗಬೇಕು, ಬೇಡಿಕೆ ಪೂರ್ತಿ ತೀರಬೇಕು, ಅಷ್ಟೇ. ಅದಕ್ಕೆ ಅವರು ಬಳಸಿದ ಸುಲಭದ ಉಪಾಯಕ್ಕೆ 'ವಾಯವ್ಯ ಮೂಲೆ' ಎಂದು ಹೆಸರಿಟ್ಟವರು ಚಾರ್ನ್ಸ್ ಮತ್ತು ಕೂಪರ್. ನಕ್ಷೆಯಲ್ಲಿ ವಾಯವ್ಯ ಇರುವುದು ಎಡ ಮೇಲ್ಮೂಲೆಯಲ್ಲಿ. ಕೋಷ್ಟಕದಲ್ಲಿ ಲೆಕ್ಕ ಶುರುವಾಗುವುದೂ ಅಲ್ಲಿಂದಲೇ.

ಒಂದು ಲೆಕ್ಕ ಮಾಡಿ ನೋಡೋಣ. ಒಳಗಿನ ಅಂಕಿಗಳು ಒಂದು ಲೋಡಿನ ಸಾಗಾಣಿಕೆ ದರ.

| | ಊರು 1 | ಊರು 2 | ಊರು 3 | ಊರು 4 | ಇರುವ ಲೋಡ್ |
|---|---|---|---|---|---|
| ಕ | 8 | 6 | 10 | 3 | 30 |
| ಖ | 9 | 4 | 7 | 8 | 50 |
| ಗ | 3 | 7 | 5 | 9 | 40 |
| ಬೇಡಿಕೆ | 20 | 40 | 25 | 35 | 120 |

ಮೊದಲು ಕ–1 ಮನೆ. ಕ ಬಳಿ 30 ಇದೆ, ಊರು 1ಕ್ಕೆ 20 ಸಾಕು. 20 ಕೊಟ್ಟರೆ ಆ ಕಂಬಸಾಲು ಮುಗಿಯಿತು, ಬಲಕ್ಕೆ ಸರಿಯಿರಿ. ಕ ಬಳಿ ಉಳಿದ 10 ಊರು 2ಕ್ಕೆ. ಈಗ ಕ ಖಾಲಿ, ಕೆಳಗಿಳಿಯಿರಿ. ಊರು 2ಕ್ಕೆ ಇನ್ನೂ ಬೇಕಾದ 30 ಖ ಕೊಡುತ್ತದೆ. ಅದರ ಉಳಿದ 20 ಊರು 3ಕ್ಕೆ. ಅಲ್ಲಿ ಕಮ್ಮಿ ಬಿದ್ದ 5 ಮತ್ತು ಊರು 4ರ 35, ಎರಡನ್ನೂ ಗ ತುಂಬುತ್ತದೆ. ಕೊನೆಯ ಮನೆಗೆ ಬಂದಾಗ ಎರಡೂ ಕಡೆ ಸರಿಯಾಗಿ ಸೊನ್ನೆ. (ಒಟ್ಟು ಮಾಲು ಬೇಡಿಕೆಗಿಂತ ಜಾಸ್ತಿ ಇದ್ದರೆ ಸೊನ್ನೆ ದರದ ಒಂದು ಸುಳ್ಳು ಊರನ್ನು ಸೇರಿಸಿಕೊಳ್ಳುವುದು ರೂಢಿ.)

ತುಂಬಿದ ಮನೆಗಳು ಆರು. ಮೂರು ಸಾಲು, ನಾಲ್ಕು ಕಂಬಸಾಲು ಕೂಡಿಸಿ ಒಂದು ಕಳೆದರೆ ಬರುವುದೂ ಆರೇ. ಈ ಎಣಿಕೆಯನ್ನು ಮರೆಯಬಾರದು. ಊರು 1ಕ್ಕೆ 30, ಊರು 2ಕ್ಕೆ 30 ಬೇಕಿತ್ತು ಅಂದುಕೊಳ್ಳಿ. ಮೊದಲ ಮನೆಯಲ್ಲೇ ಸಾಲೂ ಕಂಬಸಾಲೂ ಒಟ್ಟಿಗೆ ಮುಗಿಯುತ್ತವೆ. ಎರಡನ್ನೂ ಹೊಡೆದುಹಾಕಿ ಓರೆಯಾಗಿ ಇಳಿದರೆ ಕೊನೆಗೆ ಸಿಗುವುದು ಐದೇ ಮನೆ. ಯೋಜನೆಯೇನೋ ಸರಿಯೇ, ಆದರೆ ಮುಂದೆ ಅದನ್ನು ಸುಧಾರಿಸಲು ಹೊರಟಾಗ ಲೆಕ್ಕ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ ಅನ್ನಿಸುತ್ತದೆ. ಪರಿಹಾರ: ಒಂದನ್ನಷ್ಟೇ ಹೊಡೆದು, ಪಕ್ಕದ ಕ–2 ಮನೆಯಲ್ಲಿ ಸೊನ್ನೆ ಬರೆದು, ಅದನ್ನೂ ತುಂಬಿದ ಮನೆ ಅಂತಲೇ ಎಣಿಸುವುದು.

ನಮ್ಮ ಯೋಜನೆಯ ಖರ್ಚು 820. ಇಷ್ಟು ಹೊತ್ತೂ ದರದ ಕಡೆ ಕಣ್ಣೇ ಹಾಯಿಸಿಲ್ಲ, ಗಮನಿಸಿದಿರಾ? ಅದಕ್ಕೇ ಕ–4ರ 3ರ ದರ ಸುಮ್ನೆ ಬಿದ್ದಿದೆ, ಗ–4ರಲ್ಲಿ 35 ಲೋಡ್ 9ರ ದರದಲ್ಲಿ ಹೋಗುತ್ತಿದೆ. 1954ರಲ್ಲಿ ಚಾರ್ನ್ಸ್ ಮತ್ತು ಕೂಪರ್ ವಿವರಿಸಿದ ಸ್ಟೆಪಿಂಗ್ ಸ್ಟೋನ್ ವಿಧಾನ ಹಿಡಿಯುವುದು ಇದನ್ನೇ. ಕ–4ಕ್ಕೆ ಒಂದು ಲೋಡ್ ಹಾಕಿ. ಲೆಕ್ಕ ಸರಿದೂಗಲು ಗ–4ರಿಂದ ಒಂದು ತೆಗೆಯಬೇಕು, ಗ–3ಕ್ಕೆ ಸೇರಿಸಬೇಕು, ಖ–3ರಿಂದ ತೆಗೆಯಬೇಕು, ಖ–2ಕ್ಕೆ ಸೇರಿಸಬೇಕು, ಕ–2ರಿಂದ ತೆಗೆಯಬೇಕು. ಲೋಡಿಗೆ 10 ಉಳಿತಾಯ. ಕ–2ರಲ್ಲಿರುವುದು ಹತ್ತೇ ಲೋಡ್, ಹಾಗಾಗಿ ಹತ್ತನ್ನು ಸರಿಸಬಹುದು. ಒಂದೇ ಹೆಜ್ಜೆಗೆ ಖರ್ಚು 720. ಹೀಗೇ ಮುಂದುವರಿದರೆ 485ಕ್ಕೆ ನಿಲ್ಲುತ್ತದೆ; ಅದಕ್ಕಿಂತ ಕಡಿಮೆ ಸಾಧ್ಯವಿಲ್ಲ. 1958ರಲ್ಲಿ ಬಂದ ವೋಗೆಲ್ ವಿಧಾನ ಮೊದಲಿಂದಲೇ ದರ ನೋಡಿ ಹಂಚುತ್ತದೆ. ಸಾಮಾನ್ಯವಾಗಿ ಅದರ ಆರಂಭ ಇದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ, ಕೆಲಸ ಮಾತ್ರ ಜಾಸ್ತಿ.

ಹಾಗಂತ ವಾಯವ್ಯ ಮೂಲೆ ಯಾವಾಗಲೂ ದಡ್ಡ ಲೆಕ್ಕವೇನಲ್ಲ. 1781ರಲ್ಲಿ ಫ್ರಾನ್ಸಿನ ಮೊಂಜ್ ಮಣ್ಣು ಸಾಗಿಸುವ ಬಗ್ಗೆ ಬರೆಯುತ್ತಾ, ಖರ್ಚು ಕಡಿಮೆ ಆಗಬೇಕಾದರೆ ಸಾಗುವ ದಾರಿಗಳು ಒಂದನ್ನೊಂದು ಅಡ್ಡ ಹಾಯಬಾರದು ಎಂದು ಗುರುತಿಸಿದ್ದರು. ಅದೇ ಎಳೆ ಹಿಡಿದು 1963ರಲ್ಲಿ ಹಾಫ್‌ಮನ್ ಒಂದು ಷರತ್ತು ಕೊಟ್ಟರು. ಕೋಷ್ಟಕದಲ್ಲಿ ಯಾವ ಎರಡು ಸಾಲು, ಎರಡು ಕಂಬಸಾಲು ತೆಗೆದುಕೊಂಡರೂ, ಎಡ ಮೇಲಿನ ಮತ್ತು ಬಲ ಕೆಳಗಿನ ದರಗಳ ಮೊತ್ತ ಉಳಿದೆರಡರ ಮೊತ್ತಕ್ಕಿಂತ ಹೆಚ್ಚಿರಬಾರದು. ಹಾಗಿದ್ದರೆ ವಾಯವ್ಯ ಮೂಲೆ ಕೊಡುವ ಯೋಜನೆಯೇ ಅತಿ ಅಗ್ಗ. ಒಂದೇ ನೇರ ರಸ್ತೆಯುದ್ದಕ್ಕೂ ಕಾರ್ಖಾನೆ, ಊರುಗಳಿದ್ದು, ಎರಡನ್ನೂ ಒಂದೇ ತುದಿಯಿಂದ ಸಾಲಾಗಿ ಬರೆದು, ದೂರಕ್ಕೆ ತಕ್ಕ ದರ ಇದ್ದರೆ ಹೀಗೇ ಆಗುತ್ತದೆ. ನಮ್ಮ ಕೋಷ್ಟಕದಲ್ಲಿ ಕ, ಖ ಸಾಲುಗಳನ್ನು ಊರು 3, 4ರ ಜೊತೆ ಇಟ್ಟು ನೋಡಿ: 10 ಮತ್ತು 8 ಸೇರಿ 18, ಎದುರಿಗೆ 3 ಮತ್ತು 7 ಸೇರಿ 10. ಷರತ್ತು ಅಲ್ಲೇ ಮುರಿಯಿತು.